ಕೆಂಪು ಶಾಯಿಗೆ ಕಾಣದ ತಪ್ಪು

ಫ್ರೆಂಚ್ ಕಲಿಯುವವರ ಬಿ1 ಮಟ್ಟದ ಬರಹಗಳನ್ನು ನಾವು ತಿದ್ದುವ ಕ್ರಮ ಬಲು ಸರಳ. ಬೇಕು, ಬಯಸುತ್ತೇನೆ, ಅನುಮಾನ ಎಂಬರ್ಥದ ಕ್ರಿಯಾಪದದ ನಂತರ ಸಬ್ಜಂಕ್ಟಿವ್ ರೂಪ ಬಂದಿದ್ದರೆ ಸರಿ, ಬರದಿದ್ದರೆ ಕೆಂಪು ಗೆರೆ. ಸರಿಯಾದದ್ದು ಗೊತ್ತಿದ್ದು ಸರಿಯಾಯಿತೋ ತಾನಾಗಿ ಸರಿಯಾಯಿತೋ ಎಂದು ಯಾರೂ ಕೇಳುವುದಿಲ್ಲ. ಈ ಕ್ರಮದ ಬಗ್ಗೆ ನನ್ನ ತಕರಾರು ಅಲ್ಲಿಂದಲೇ ಶುರು.

ಡೆಲ್ಫ್ ಬಿ1 ಪರೀಕ್ಷೆಯ ಬರವಣಿಗೆಗೆ 45 ನಿಮಿಷ. ಕನಿಷ್ಠ 160 ಪದ ಬರೆಯಬೇಕು. ಗೆಳೆಯನಿಗೆ ಬುದ್ಧಿ ಹೇಳುವ ಪತ್ರ ಎಂದಿಟ್ಟುಕೊಳ್ಳಿ. ಅಂಥ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಬಗೆಯ ನಾಲ್ಕು ವಾಕ್ಯ ನೋಡೋಣ. ‘ಇಲ್ ಫೋ ಕ ತ್ಯು ಪಾರ್ಲ್’: ನೀನು ಮಾತಾಡಬೇಕು. ‘ಜ ವೊ ಕ ತ್ಯು ವ್ಯಾಂ’: ನೀನು ಬರಬೇಕೆಂದು ನನ್ನಾಸೆ. ‘ಜ ದೂತ್ ಕಿಲ್ ವ್ಯಾಂದ್ರಾ’: ಅವನು ಬರುವುದು ಅನುಮಾನ. ‘ಜೆಸ್ಪೇರ್ ಕ ತ್ಯು ಸ್ವಾ ಬ್ಯಾಂ’: ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ತಿದ್ದುವವರ ಲೆಕ್ಕದಲ್ಲಿ ಒಂದು ಸರಿ, ಮೂರು ತಪ್ಪು. ಅಂಚಿನಲ್ಲಿ ಮೂರಕ್ಕೂ ಒಂದೇ ಗುರುತು.

ಆ ‘ಸರಿ’ಯನ್ನೇ ಮೊದಲು ಅನುಮಾನಿಸಬೇಕು. ಪಾರ್ಲೇ, ಮಾಂಜೇ ಥರ ‘ಏ’ ಎಂದು ಮುಗಿಯುವ ಮಾಮೂಲಿ ಕ್ರಿಯಾಪದಗಳಲ್ಲಿ ನಾನು, ನೀನು, ಅವನು, ಅವರು ಇವುಗಳ ಸಬ್ಜಂಕ್ಟಿವ್ ಮತ್ತು ಸಾಧಾರಣ ವರ್ತಮಾನ ರೂಪ ಅಕ್ಷರಕ್ಕಕ್ಷರ ಒಂದೇ. ಫ್ರೆಂಚಿನ ಕ್ರಿಯಾಪದಗಳಲ್ಲಿ ಬಹುಪಾಲು ಈ ಗುಂಪಿನವೇ. ಹಾಗಾಗಿ ಸಬ್ಜಂಕ್ಟಿವ್ ಎಂಬುದೊಂದು ಇದೆಯೆಂದೇ ತಿಳಿಯದವನೂ ಮೊದಲ ವಾಕ್ಯವನ್ನು ಹಾಗೆಯೇ ಬರೆಯುತ್ತಾನೆ. ಗುಟ್ಟು ರಟ್ಟಾಗುವುದು ‘ನಾವು’ ಬಂದಾಗ: ‘ಪಾರ್ಲ್ಯೋಂ’ ಎನ್ನಬೇಕಾದಲ್ಲಿ ‘ಪಾರ್ಲೋಂ’ ಎಂದಿರುತ್ತದೆ. ಇಡೀ ಪತ್ರದಲ್ಲಿ ಇಂಥ ಕ್ರಿಯಾಪದಗಳೇ ತುಂಬಿದ್ದರೆ ಅದು ವಿದ್ಯಾರ್ಥಿಯ ತಿಳಿವಳಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎರಡನೆಯ ವಾಕ್ಯದಲ್ಲಿ ‘ವ್ಯಾಂ’ ಅಲ್ಲ, ‘ವ್ಯೆನ್’ ಆಗಬೇಕಿತ್ತು. ರೂಪ ಗೊತ್ತಿಲ್ಲದೆ ತಪ್ಪಿದನೋ, ಗೊತ್ತಿದ್ದೂ ಇಲ್ಲಿ ಬೇಕೆಂದು ಹೊಳೆಯಲಿಲ್ಲವೋ ಎಂಬುದು ಕಾಗದದ ಮೇಲೆ ಕಾಣದು. ಕರೆದು ‘ಇಲ್ ಫೋ ಕ ತ್ಯು...’ ಎಂದು ಶುರುಮಾಡಿ, ಮುಂದಿನದನ್ನು ಅವನ ಬಾಯಲ್ಲೇ ಹೇಳಿಸಿದರೆ ತಿಳಿಯುತ್ತದೆ. ರೂಪವೇ ಗೊತ್ತಿಲ್ಲದಿದ್ದರೆ ದಾರಿ ಸುಲಭ. ‘ಅವರು ಬರುತ್ತಾರೆ’ ಎನ್ನಲು ‘ಇಲ್ ವ್ಯೆನ್’ ಎಂದು ಮೊದಲೇ ಕಲಿತಿರುತ್ತಾನೆ. ಸಬ್ಜಂಕ್ಟಿವ್ ಹುಟ್ಟುವುದೇ ಆ ಬಹುವಚನದ ಬುಡದಿಂದ. ಪ್ರಾಂ–ಪ್ರೆನ್, ಫಿನಿ–ಫಿನಿಸ್, ಸೋರ್–ಸೋರ್ತ್, ಎಲ್ಲದರಲ್ಲೂ ಕೊನೆಯ ವ್ಯಂಜನ ಕಿವಿಗೆ ಬೀಳುತ್ತದೆ. ಇರು, ಹೊಂದು, ಮಾಡು, ಹೋಗು, ತಿಳಿ, ಬಲ್ಲು, ಬಯಸು ಎಂಬರ್ಥದ ಏಳೆಂಟು ಕ್ರಿಯಾಪದಗಳನ್ನು ಮಾತ್ರ ಉರು ಹೊಡೆಯದೆ ಗತ್ಯಂತರವಿಲ್ಲ.

ಮೂರನೆಯದು ಬೇರೆಯೇ ಜಾತಿ. ಬರುವುದು ನಾಳೆಯ ಮಾತು, ಆದ್ದರಿಂದ ಭವಿಷ್ಯತ್ ಎಂದು ವಿದ್ಯಾರ್ಥಿ ಯೋಚಿಸಿದ್ದಾನೆ. ನಮ್ಮಲ್ಲಿ ಫ್ರೆಂಚಿಗೆ ಹೋಗುವವರು ಹೆಚ್ಚಾಗಿ ಇಂಗ್ಲಿಷಿನ ದಾರಿಯಲ್ಲಿ ಹೋಗುತ್ತಾರೆ, ಅಲ್ಲಿಯೂ ಇಂಥ ಕಡೆ ಭವಿಷ್ಯತ್ತೇ ಇದೆ. ಫ್ರೆಂಚಿನ ಸಬ್ಜಂಕ್ಟಿವ್‌ಗೆ ಭವಿಷ್ಯತ್ ರೂಪವೇ ಇಲ್ಲ. ನಾಳೆಗೂ ‘ವ್ಯೆನ್’ ಎಂದೇ ಹೇಳಬೇಕು. ಈ ಒಂದು ವಿಷಯವನ್ನು ಬಾಯಿಬಿಟ್ಟು ಹೇಳದೆ ಅದೇ ಕ್ರಿಯಾಪದಗಳ ಪಟ್ಟಿಯನ್ನು ಇನ್ನೊಮ್ಮೆ ಕೊಟ್ಟರೆ ಏನೂ ಉಪಯೋಗವಿಲ್ಲ. ಪಟ್ಟಿ ಅವನಿಗೆ ಬಾಯಿಪಾಠವಾಗಿಯೇ ಇರುತ್ತದೆ.

ನನಗೆ ಇಷ್ಟವಾಗುವ ತಪ್ಪು ನಾಲ್ಕನೆಯದು. ‘ಸ್ವಾ’ ಎಂಬ ಕಷ್ಟದ ರೂಪ ಅವನಿಗೆ ಗೊತ್ತು, ಆಸೆಯ ಕ್ರಿಯಾಪದಕ್ಕೆ ಸಬ್ಜಂಕ್ಟಿವ್ ಎಂಬ ಸೂತ್ರವೂ ಗೊತ್ತು. ಆದರೆ ಎಸ್ಪೇರೇ ಆ ಸೂತ್ರಕ್ಕೆ ಒಗ್ಗುವುದಿಲ್ಲ. ಸ್ವೆತೇಗೆ ಸಬ್ಜಂಕ್ಟಿವ್ ಬೇಕು, ಅದರ ನೆಂಟನಂತಿರುವ ಎಸ್ಪೇರೇಗೆ ಬೇಡ. ಇಲ್ಲಿ ‘ಕ ತ್ಯು ವಾ ಬ್ಯಾಂ’ ಎಂದಿದ್ದರೆ ಮುಗಿಯುತ್ತಿತ್ತು. ಅನುಮಾನದ ದೂತೇಯೂ ಹೀಗೆಯೇ ಆಡಿಸುತ್ತದೆ: ‘ಜ ದೂತ್’ ಎಂದರೆ ನನಗೆ ಅನುಮಾನ, ಸಬ್ಜಂಕ್ಟಿವ್ ಬೇಕು, ‘ಜ ಮ ದೂತ್’ ಎಂದರೆ ಹೀಗಾಗುತ್ತದೆಂದು ನನ್ನ ಊಹೆ ಎಂಬಂತೆ, ಸಬ್ಜಂಕ್ಟಿವ್ ಬೇಡ. ಇಂಥಲ್ಲಿ ಎಡವಿದವನು ಮೊದಲ ವಾಕ್ಯ ಮಾತ್ರ ಸರಿಯಿರುವವನಿಗಿಂತ ಮುಂದೆ ಇದ್ದಾನೆ. ಆದರೂ ಅಂಕ ಕಳೆದುಕೊಳ್ಳುವವನು ಇವನೇ.

ಪಠ್ಯಪುಸ್ತಕಗಳ ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸವನ್ನೂ ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ. ‘ಸಬ್ಜಂಕ್ಟಿವ್’ ಎಂಬ ತಲೆಬರಹದ ಕೆಳಗಿನ ಹತ್ತು ಖಾಲಿ ಜಾಗದಲ್ಲಿ ಹತ್ತಕ್ಕೂ ಸಬ್ಜಂಕ್ಟಿವ್ವೇ ಬರುವುದಾದರೆ ರೂಪದ ಪರೀಕ್ಷೆಯಾಯಿತು, ಆಯ್ಕೆಯದಲ್ಲ. ಪತ್ರ ಬರೆಯುವಾಗ ಬೇಕಾಗುವುದು ಆಯ್ಕೆ. ಅಭ್ಯಾಸ ಬರೆಯುವವರು ಎಸ್ಪೇರೇ, ಸ್ವೆತೇ, ಎರಡೂ ಬಗೆಯ ದೂತೇಗಳನ್ನು ಬೆರೆಸಲಿ, ಮಾತಾಡು, ತಿನ್ನುಗಳನ್ನು ಬಿಟ್ಟು ಬಾ, ಮುಗಿಸು, ಹೊರಡುಗಳನ್ನು ಕೊಡಲಿ. ತಿದ್ದುವವರು ಅಂಚಿನ ಒಂದೇ ಗುರುತಿನ ಬದಲು ರೂಪ, ಕಾಲ, ಆಯ್ಕೆ ಎಂದು ಮೂರು ಬೇರೆ ಗುರುತು ಹಾಕಲಿ.