ಮನೆಗೆ ಮನೆಯೇ, ಡಬ್ಬಿಗೆ ದುಡ್ಡೇ

ಕೃಷ್ಣಮೂರ್ತಿಪುರಂನಲ್ಲಿ ಹಳೆಯ ಮನೆಯೊಂದು ಮಾರಾಟಕ್ಕಿದೆ ಎಂದುಕೊಳ್ಳೋಣ. ಕ್ರಯ 1 ಕೋಟಿ 20 ಲಕ್ಷ, ಅಡ್ವಾನ್ಸು 15 ಲಕ್ಷ, ಬಾಕಿ ಆರು ತಿಂಗಳಲ್ಲಿ. ಅಗ್ರಿಮೆಂಟಿನ ಕೊನೆಯಲ್ಲಿ ವಾಡಿಕೆಯ ಸಾಲು ಇದ್ದೇ ಇರುತ್ತದೆ: ಮಾರುವವರು ತಪ್ಪಿದರೆ ಅಡ್ವಾನ್ಸಿನ ಎರಡರಷ್ಟು ಕೊಡತಕ್ಕದ್ದು. ನಾಲ್ಕನೇ ತಿಂಗಳಲ್ಲಿ ಬಿಲ್ಡರೊಬ್ಬ 1 ಕೋಟಿ 45 ಲಕ್ಷ ಕೊಡುತ್ತೇನೆ ಎನ್ನುತ್ತಾನೆ. ಮಾಲೀಕರು ಲೆಕ್ಕ ಹಾಕುತ್ತಾರೆ. 30 ಲಕ್ಷ ಬಿಸಾಕಿದರಾಯಿತು. ಅದರಲ್ಲಿ 15 ಹೇಗೂ ಅವರದೇ ದುಡ್ಡು. ತಮಗೆ ಇನ್ನೂ 10 ಲಕ್ಷ ಲಾಭ.

ಲೆಕ್ಕ ಸರಿ, ಕಾನೂನು ಬೇರೆ. ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ 23ನೇ ಕಲಂ ಪ್ರಕಾರ, ತಪ್ಪಿದರೆ ಇಷ್ಟು ಕೊಡಬೇಕು ಎಂದು ಬರೆದ ಮಾತ್ರಕ್ಕೆ ನಿರ್ದಿಷ್ಟ ಪಾಲನೆಯ ದಾವೆಗೆ, ಅಂದರೆ ಮನೆಯನ್ನೇ ಕ್ರಯ ಮಾಡಿಸಿಕೊಡಿ ಎಂಬ ದಾವೆಗೆ, ಅಡ್ಡಿಯಿಲ್ಲ. ಆ ಮೊತ್ತವನ್ನು ಮಾತು ಉಳಿಸಿಕೊಳ್ಳಲೆಂದು ಹಾಕಿದ್ದೇ, ಅಥವಾ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಆಯ್ಕೆಯನ್ನೇ ಮಾಲೀಕರಿಗೆ ಕೊಟ್ಟದ್ದೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ನಮ್ಮಲ್ಲಿ ಓಡಾಡುವ ಅಗ್ರಿಮೆಂಟುಗಳು ಈ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದಿರುತ್ತವೆ.

ಅದೇ ಸಾಲು ಕೊಳ್ಳುವವರನ್ನೂ ಕಚ್ಚುತ್ತದೆ, ಇದನ್ನು ಗಮನಿಸುವವರು ಕಡಿಮೆ. ಅವರು ಮನೆ ಬೇಡ, ನಷ್ಟ ಪರಿಹಾರ ಸಾಕು ಎಂದರೆ ನಿಜವಾದ ನಷ್ಟ 25 ಲಕ್ಷ. ಆದರೆ ಕರಾರು ಅಧಿನಿಯಮ 1872ರ 74ನೇ ಕಲಂ ಪ್ರಕಾರ ಕರಾರಿನಲ್ಲಿ ಹೆಸರಿಸಿದ ಮೊತ್ತವೇ ಗರಿಷ್ಠ. ಅಡ್ವಾನ್ಸು ವಾಪಸು ಬಂದ ಮೇಲೆ ಸಿಗುವುದು ಹೆಚ್ಚೆಂದರೆ ಇನ್ನೊಂದು 15 ಲಕ್ಷ. ಮನೆಯನ್ನೇ ಕೇಳಿದರೆ 1 ಕೋಟಿ 45 ಲಕ್ಷದ ಆಸ್ತಿ 1 ಕೋಟಿ 20ಕ್ಕೇ ಬರುತ್ತದೆ.

ನಿರ್ದಿಷ್ಟ ಪರಿಹಾರ ಅಧಿನಿಯಮಕ್ಕೆ 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಈ ದಾರಿಯನ್ನು ಅಗಲ ಮಾಡಿತು. ಅದಕ್ಕೆ ಮೊದಲು ಪಾಲನೆಯ ಡಿಕ್ರಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಮಾಲೀಕರಿಗೆ ಕರಾರಿನ ವೇಳೆ ಊಹಿಸಲಾಗದಿದ್ದ ಕಷ್ಟವಾಗುತ್ತದೆ ಎನಿಸಿದರೆ ನಿರಾಕರಿಸಬಹುದಿತ್ತು. ಈಗ ಆ ವಿವೇಚನೆಯನ್ನು ತೆಗೆದುಹಾಕಿದ್ದಾರೆ. ಬಿಲ್ಡರನ ಆಸೆಗೆ ಮಾತು ತಪ್ಪುವವರಿಗೆ ಇದು ಸರಿಯಾದ ಮದ್ದು ಎಂದೇ ನನ್ನ ಅಭಿಪ್ರಾಯ. ಆದರೆ ನಡುವೆ ಕಾಯಿಲೆ ಬಿದ್ದು ಬೇರೆಲ್ಲೂ ಹೋಗಲಾರದ ವೃದ್ಧರಿಗೂ ಇದೇ ಮದ್ದು ಎಂದಾಗ ಕಾನೂನು ಒರಟಾಯಿತು.

ಅಗಲವಾದ ಆ ದಾರಿಯ ಬಾಗಿಲಲ್ಲೇ 16ನೇ ಕಲಂ ನಿಂತಿದೆ. ಕೊಳ್ಳುವವರು ತಾವು ಸಿದ್ಧರೂ ಮನಸ್ಸುಳ್ಳವರೂ ಆಗಿದ್ದೆವೆಂದು ರುಜುವಾತುಪಡಿಸಬೇಕು. ಬಾಕಿ 1 ಕೋಟಿ 5 ಲಕ್ಷವನ್ನು ಕಟ್ಟೆಂದು ನ್ಯಾಯಾಲಯ ಹೇಳದ ಹೊರತು ತಂದು ಕಟ್ಟಬೇಕಿಲ್ಲ. ಆದರೆ ಅದನ್ನು ಹೊಂದಿಸುವ ಶಕ್ತಿ ಇತ್ತೆಂಬುದಕ್ಕೆ ಬ್ಯಾಂಕಿನ ಸಾಲ ಮಂಜೂರಾತಿ ಪತ್ರವೋ ಪಾಸ್‌ಬುಕ್ಕೋ ಇರಬೇಕು. ಎಷ್ಟೋ ದಾವೆಗಳು ಬಿದ್ದುಹೋಗುವುದು ಇಲ್ಲೇ. ಮೇಲಾಗಿ ನಮ್ಮ ರಾಜ್ಯದಲ್ಲಿ ಕೋರ್ಟ್ ಫೀ ಅಡ್ವಾನ್ಸಿನ ಮೇಲಲ್ಲ, ಪೂರ್ತಿ ಕ್ರಯದ ಮೇಲೆ. ಸಮನ್ಸು ಜಾರಿಯಾದ ಹನ್ನೆರಡು ತಿಂಗಳಲ್ಲಿ ದಾವೆ ಮುಗಿಸಬೇಕು, ಹೆಚ್ಚೆಂದರೆ ಇನ್ನಾರು ತಿಂಗಳು ಎಂದು ತಿದ್ದುಪಡಿ ಹೇಳುತ್ತದೆ. ತಡವಾದರೆ ಏನು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅಡ್ವಾನ್ಸನ್ನಾದರೂ ಕೊಡಿಸಿ ಎಂಬ ಪರ್ಯಾಯ ಕೋರಿಕೆಯನ್ನು ದಾವೆಯಲ್ಲಿ ಬರೆಯಲೇಬೇಕು. ಕೇಳದೆ ಕೊಡುವಂತಿಲ್ಲ ಎಂದು 22ನೇ ಕಲಂ ಕಟ್ಟುನಿಟ್ಟಾಗಿದೆ.

ಈಗ ಮನೆ ಬಿಟ್ಟು ಸರಕಿಗೆ ಬರೋಣ. ಮೈಸೂರಿನ ಊದುಬತ್ತಿ ತಯಾರಕರೊಬ್ಬರು ದಸರಾ ವ್ಯಾಪಾರಕ್ಕೆ ಒಂದು ಲಕ್ಷ ರಟ್ಟಿನ ಡಬ್ಬಿಗಳನ್ನು ತಲಾ 4 ರೂಪಾಯಿಗೆ ಹೇಳಿದ್ದಾರೆ. ಮೂರು ವಾರ ಇರುವಾಗ ಮುದ್ರಣದವರು ಕೈಯೆತ್ತುತ್ತಾರೆ. ಡಬ್ಬಿಯನ್ನೇ ಕೊಡಿಸಿ ಎಂದು ದಾವೆ ಹೂಡುವುದು ಹುಚ್ಚು, ಹಬ್ಬ ಕಾಯುವುದಿಲ್ಲ. ಇಂಥವರಿಗೆಂದೇ ತಿದ್ದುಪಡಿ 20ನೇ ಕಲಮಿನಲ್ಲಿ ಬದಲಿ ಪಾಲನೆ ತಂದಿದೆ: ಬೇರೆಯವರಿಂದ ಮಾಡಿಸಿಕೊಂಡು ಖರ್ಚು ವಸೂಲು ಮಾಡಿ. ಆದರೆ ಮೊದಲು ಕನಿಷ್ಠ 30 ದಿನಗಳ ಲಿಖಿತ ನೋಟಿಸು! ನೋಟಿಸಿನ ಅವಧಿ ಮುಗಿಯುವ ಹೊತ್ತಿಗೆ ಜಂಬೂ ಸವಾರಿಯೇ ಮುಗಿದಿರುತ್ತದೆ. ಸೇತುವೆ, ಹೆದ್ದಾರಿಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದಂತಿರುವ ಈ ಕಲಂ ಸಣ್ಣ ವ್ಯಾಪಾರಿಗೆ ಹೊಂದುವುದಿಲ್ಲ. ಪಕ್ಷಕಾರರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಎಂಬ ಮಾತು ಅಲ್ಲೇ ಇದೆ. ಆರ್ಡರ್ ಪತ್ರದಲ್ಲೇ ಮೂರು ದಿನ ಎಂದು ಬರೆದುಕೊಳ್ಳುವವರು ಎಷ್ಟು ಜನ?

ಹಾಗೆ ಬರೆದುಕೊಳ್ಳದವರಿಗೆ ಒದಗುವುದು 1872ರ ಹಳೆಯ 73ನೇ ಕಲಮೇ. ಕೂಡಲೇ ಬೇರೆ ಕಡೆ 5 ರೂಪಾಯಿಗೆ ಕೊಂಡು, ಒಂದು ಲಕ್ಷ ರೂಪಾಯಿ ವ್ಯತ್ಯಾಸ ಕೇಳುವುದು. ಇದರಲ್ಲೂ ಒಂದು ಕುಣಿಕೆಯಿದೆ. ಮುರಲೀಧರ್ ಚಿರಂಜಿಲಾಲ್ ಪ್ರಕರಣದಲ್ಲಿ ಸರಕು ಕಾನ್ಪುರದಲ್ಲಿ ಕೊಡಬೇಕಾದ ಕ್ಯಾನ್ವಾಸ್ ಬಟ್ಟೆ. ಕೊಂಡವರು ಕಲ್ಕತ್ತೆಯ ದರ ತೋರಿಸಿದರು, ಕಾನ್ಪುರದ ದರ ತೋರಿಸಲಿಲ್ಲ. ಮಾತು ತಪ್ಪಿದ್ದು ಮಾರಿದವರೇ ಆದರೂ ಸುಪ್ರೀಂ ಕೋರ್ಟಿನಲ್ಲಿ ಕೊಂಡವರಿಗೆ ಪರಿಹಾರ ಸಿಗಲಿಲ್ಲ. ನಮ್ಮ ಊದುಬತ್ತಿಯವರೂ ಬೆಂಗಳೂರಿನ ಕೊಟೇಶನ್ನು ಹಿಡಿದು ಕೋರ್ಟಿಗೆ ಹೋದರೆ ಇದೇ ಪ್ರಶ್ನೆ ಏಳುತ್ತದೆ. ಮಾತು ತಪ್ಪಿದ ವಾರದ ಮೈಸೂರಿನ ಬಿಲ್ಲುಗಳನ್ನು, ಎರಡು ಮೂರು ಕಡೆಯ ದರಪಟ್ಟಿಗಳ ಜೊತೆ, ಅವರು ಆ ವಾರವೇ ತೆಗೆದಿಟ್ಟುಕೊಳ್ಳಬೇಕು.