ಮೇ 31ರ ಅಜಾತಶತ್ರುಗಳು

ಮೇ 31ರಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಸರಕಾರಿ ಕಚೇರಿಗಳಲ್ಲಿ ಅಜಾತಶತ್ರುಗಳ ಸಂಖ್ಯೆ ಒಮ್ಮೆಲೇ ಏರುತ್ತದೆ. ಇದು ಶಾಲೆಗೆ ಸೇರಿಸುವ ದಿನ ಗುರುಗಳು ಜನ್ಮದಿನಾಂಕವನ್ನು ಜೂನ್ 1 ಎಂದು ಬರೆದುಕೊಂಡ ತಲೆಮಾರು. ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹೀಗಾಗಿ ಒಂದೇ ದಿನ ಮೂರೂ ಊರಲ್ಲಿ ಶಾಮಿಯಾನ, ಫೇಟಾ, ಶಾಲು, ಕರದಂಟಿನ ಪೊಟ್ಟಣ. ಒಂದೇ ಭಾಷಣ ಕೂಡ. ಮುಂಜಾನೆ ಹುಕ್ಕೇರಿಯಲ್ಲಿ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಆದವರು ಸಂಜೆ ಮೂಡಲಗಿಯಲ್ಲಿ ಬೇರೆ ಹೆಸರಿನಿಂದ ಮತ್ತೆ ಕಾಣಿಸಿಕೊಳ್ಳುತ್ತಾರೆ.

ಈ ಭಾಷಣಗಳಿಗೆ ನಮ್ಮ ಕಡೆ ದೊಡ್ಡ ಹೆಸರಿದೆ. ಮಾನಪತ್ರ ಬರೆಯುವವರನ್ನು, ನಿರೂಪಣೆ ಮಾಡುವವರನ್ನು ದೂರದ ಊರಿಗೂ ಕರೆಸುತ್ತಾರೆ. ಒಂದು ವಾಕ್ಯದಲ್ಲಿ ಆರು ವಿಶೇಷಣ ಕೂಡಿಸಿ ಉಸಿರು ಬಿಡದೆ ಹೇಳಬಲ್ಲವರನ್ನು ‘ಏನ್ ಮಾತಾಡ್ತಾರ್ರೀ’ ಎಂದು ಮೆಚ್ಚುತ್ತಾರೆ. ಆ ಹೆಸರು ಅಳತೆ ಮೀರಿದ್ದು ಎಂದು ನನ್ನ ಅಭಿಪ್ರಾಯ. ಮೂವತ್ತೈದು ವರ್ಷದ ಸೇವೆ ಮುಗಿಸಿ ಗೋಕಾಕದ ಒಂದು ಕಚೇರಿಯಿಂದ ನಿವೃತ್ತರಾದ ಕಾರಕೂನರೊಬ್ಬರಿಗೆ ಅವರ ಕಿರಿಯ ಸಹೋದ್ಯೋಗಿ ಐದು ನಿಮಿಷ ಓದಿದ ಬೀಳ್ಕೊಡುಗೆಯ ಮಾತು ನನ್ನ ಕೈಗೆ ಸಿಕ್ಕಿತು. ಅದರ ಜೊತೆಗೆ, ಅದನ್ನು ಬರೆಯುವ ಮೊದಲು ಮಾಡಿಕೊಂಡ ಟಿಪ್ಪಣಿಯೂ ಸಿಕ್ಕಿತು. ಯಾರೂ ಅದನ್ನು ಹೊಗಳಲಿಲ್ಲ. ‘ಭಾಷಣ ಸಪ್ಪಗಾತು’ ಎಂದವರೂ ಇದ್ದರು. ಆ ಮಾತೇ ನನ್ನಿಂದ ಇದನ್ನು ಬರೆಸುತ್ತಿದೆ.

ಟಿಪ್ಪಣಿ ಹಳೆಯ ಟಪಾಲು ಲಕೋಟೆಯ ಬೆನ್ನ ಮೇಲಿದೆ. ‘1990 ಹುಕ್ಕೇರಿ, ದ್ವಿ.ದ.ಸ., ಆವಕ-ಜಾವಕ. ಆಮೇಲೆ ಗೋಕಾಕ, ರೆಕಾರ್ಡ್ ರೂಮು. ಸಿಟ್ಟು ಬಾಳ. ಮೂಡಲಗಿ ಕಡತ, ರಾತ್ರಿ ಕುಂತು, ಚೀಟಿ. ಎರಡೂ ಕಡೆ ಬರೋ ಕಡತ, ನಕಲು. 2019 ಹೊಳಿ, ಮನಿ ಖಾಲಿ. ಯಾರಿಗೂ ನಾಳೆ ಬಾ ಅಂದಿಲ್ಲ (ಖರೇನ? ಕೇಳಬೇಕು).’ ಅಷ್ಟೇ. ಕಂಸದೊಳಗಿನ ಆ ಪ್ರಶ್ನೆಯನ್ನು ನೋಡಿದಾಗಲೇ ಈ ಬರಹಗಾರ ಬೇರೆ ಜಾತಿಯವನು ಎಂದು ಗೊತ್ತಾಗುತ್ತದೆ. ಕೇಳಿದ ಮೇಲೆ ಅದು ಪೂರ್ತಿ ಖರೆಯಲ್ಲ ಎಂದು ತಿಳಿದಿರಬೇಕು, ಓದಿದ ಭಾಷಣದಲ್ಲಿ ಆ ಸಾಲು ಇಲ್ಲ.

ಈಗ ಮೂಡಲಗಿ ಕಡತದ ಮಾತಿಗೆ ಬರೋಣ. ಗೋಕಾಕದಿಂದ ಮೂಡಲಗಿ ಬೇರೆ ತಾಲ್ಲೂಕಾದ ಹೊತ್ತಿನ ಸಂಗತಿ ಅದು. ತಾಲ್ಲೂಕು ಒಡೆಯುವುದೆಂದರೆ ಫಲಕ ಬದಲಿಸಿದಂತಲ್ಲ. ಯಾವ ಊರು ಯಾವ ಕಡೆ ಹೋಯಿತೋ ಆ ಊರಿನ ಕಾಗದವೆಲ್ಲ ಅದರ ಬೆನ್ನು ಹತ್ತಬೇಕು. ಕೆಂಪು ಬಟ್ಟೆಯ ಗಂಟು ಬಿಚ್ಚಿ, ಊರಿನ ಹೆಸರು ನೋಡಿ ಕಡತ ಬೇರ್ಪಡಿಸಿ, ಪಟ್ಟಿ ಬರೆದು, ಸಹಿ ಹಾಕಿಸಿಕೊಂಡು ಕಳಿಸಬೇಕು. ತಪ್ಪಿದರೆ ಅಂದೇ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಮೇಲೆ ಒಬ್ಬ ರೈತ ಅಣ್ಣತಮ್ಮಂದಿರ ವಾಟಣಿಯ ಕಾಗದ ಕೇಳಿಕೊಂಡು ಬಂದಾಗ, ಆ ಕಚೇರಿ ಈ ಕಚೇರಿಯತ್ತ, ಈ ಕಚೇರಿ ಆ ಕಚೇರಿಯತ್ತ ಬೆರಳು ತೋರಿಸಿದಾಗ ಗೊತ್ತಾಗುತ್ತದೆ.

ಇದನ್ನು ಹೆಸರುವಾಸಿ ಭಾಷಣಕಾರರ ಕೈಗೆ ಕೊಟ್ಟಿದ್ದರೆ ‘ನೂತನ ತಾಲ್ಲೂಕು ರಚನೆಯ ಸಂದರ್ಭದಲ್ಲಿ ಹಗಲಿರುಳೆನ್ನದೆ ಶ್ರಮಿಸಿದ ಕರ್ತವ್ಯನಿಷ್ಠರು’ ಎಂದು ಒಂದೇ ಏಟಿಗೆ ಮುಗಿಸಿಬಿಡುತ್ತಿದ್ದರು. ಟಿಪ್ಪಣಿಯ ‘ರಾತ್ರಿ ಕುಂತು’ ಅಲ್ಲಿ ‘ಹಗಲಿರುಳು’ ಆಗುತ್ತಿತ್ತು, ‘ಚೀಟಿ’ ಬಿದ್ದುಹೋಗುತ್ತಿತ್ತು. ಕಚೇರಿಯಲ್ಲಿ ಓದಿದ್ದು ಹೀಗಿದೆ: “ಮೂಡಲಗಿ ಬೇರೆ ತಾಲ್ಲೂಕಾದಾಗ ಊರೂರಿನ ಕಡತಗಳನ್ನು ಬೇರ್ಪಡಿಸುವ ಕೆಲಸ ಇವರ ಪಾಲಿಗೆ ಬಂತು. ಇಲ್ಲಿಂದ ಎತ್ತಿದ ಪ್ರತಿ ಕಡತದ ಜಾಗದಲ್ಲಿ ಇವರು ಒಂದು ಚೀಟಿ ಇಟ್ಟರು. ಯಾವ ಕಡತ, ಯಾವ ದಿನ ಹೋಯಿತು, ಯಾರು ತೆಗೆದುಕೊಂಡರು ಎಂದು ಅದರಲ್ಲಿ ಬರೆದರು. ಮೂಡಲಗಿ ಕಡೆಯ ಜನ ತಪ್ಪಿ ಇಲ್ಲಿಗೆ ಬಂದರೆ ಇಂದಿಗೂ ನಾವು ಆ ಚೀಟಿ ನೋಡಿಯೇ ದಾರಿ ಹೇಳುತ್ತೇವೆ.”

ಇಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಆದರೆ ಮೊದಲ ಮೂರು ವಾಕ್ಯಗಳಲ್ಲಿ ಭೂತಕಾಲವಿದ್ದು, ನಾಲ್ಕನೆಯದು ವರ್ತಮಾನಕ್ಕೆ ಹೊರಳುತ್ತದೆ. ಕರ್ತೃವೂ ‘ಇವರು’ ಇದ್ದದ್ದು ‘ನಾವು’ ಆಗುತ್ತದೆ. ಅಂದರೆ ಹೋಗುತ್ತಿರುವವರ ಕೆಲಸದ ಮೇಲೆ ಉಳಿಯುವವರ ದಿನಗೆಲಸ ನಿಂತಿದೆ ಎಂಬುದನ್ನು ಮಾತುಗಾರ ವ್ಯಾಕರಣದಲ್ಲೇ ಒಪ್ಪಿಕೊಂಡಿದ್ದಾನೆ. ‘ತುಂಬಲಾರದ ನಷ್ಟ’ ಎಂದು ಕೂಗುವವರು ಹೇಳಲು ಹೊರಟದ್ದೂ ಇದನ್ನೇ. ಆದರೆ ಜೂನ್ 1ರ ಮುಂಜಾನೆ ಆ ಮೇಜಿಗೆ ಇನ್ನೊಬ್ಬರು ಬಂದು ಕೂಡುವುದು ಎಲ್ಲರಿಗೂ ಗೊತ್ತಿರುವುದರಿಂದ ಆ ಮಾತು ನಿಲ್ಲುವುದಿಲ್ಲ. ಚೀಟಿಯ ಮಾತು ನಿಲ್ಲುತ್ತದೆ, ಯಾಕೆಂದರೆ ಬೇಕಾದವರು ರೆಕಾರ್ಡ್ ರೂಮಿಗೆ ಹೋಗಿ ನೋಡಬಹುದು.

ಕೊರತೆಯೂ ಇದೆ. ‘ಇವರ ಪಾಲಿಗೆ ಬಂತು’ ಎಂಬುದು ಕಚೇರಿಯ ಜಾಣ ಮಾತು: ಕೆಲಸ ಯಾರು ಹೊರಿಸಿದರು, ಬೇರೆಯವರು ಹೇಗೆ ತಪ್ಪಿಸಿಕೊಂಡರು ಎಂಬುದನ್ನು ಅದು ಮುಚ್ಚುತ್ತದೆ. ಸಭೆಯಲ್ಲಿ ಅದನ್ನು ಬಿಚ್ಚಬೇಕಿರಲಿಲ್ಲ, ‘ಇವರು ಕೈಗೆತ್ತಿಕೊಂಡರು’ ಎಂದಿದ್ದರೆ ಸಾಕಿತ್ತು. ಇನ್ನೂ ದೊಡ್ಡ ನಷ್ಟವೆಂದರೆ ಟಿಪ್ಪಣಿಯಲ್ಲಿದ್ದ ‘ಎರಡೂ ಕಡೆ ಬರೋ ಕಡತ’ವನ್ನು ಕೈಬಿಟ್ಟದ್ದು. ಒಂದೇ ತಕರಾರಿನಲ್ಲಿ ಈ ತಾಲ್ಲೂಕಿನ ಒಂದು ಊರು, ಆ ತಾಲ್ಲೂಕಿನ ಇನ್ನೊಂದು ಊರು ಸೇರಿದ್ದರೆ ಮೂಲ ಎಲ್ಲಿರಬೇಕು, ದೃಢೀಕೃತ ನಕಲು ಎಲ್ಲಿಗೆ ಹೋಗಬೇಕು? ಗುಮಾಸ್ತನ ಬುದ್ಧಿಗೆ ನಿಜವಾದ ಪರೀಕ್ಷೆ ಅಲ್ಲಿತ್ತು. ಕೇಳುಗರಿಗೆ ತೊಡಕಾದೀತೆಂದು ಬಿಟ್ಟಿರಬಹುದು. ಆದರೆ ಆ ಶಾಮಿಯಾನದ ಕೆಳಗೆ ಕೂತವರಲ್ಲಿ ಅರ್ಧ ಜನ ಅದೇ ಕೆಲಸ ಮಾಡುವವರು. ಅವರಿಗೆ ಇದು ತೊಡಕಲ್ಲ, ರಸ.

‘ಸಿಟ್ಟು ಬಾಳ’ ಎಂಬ ಎರಡು ಪದಗಳ ಗತಿ ಇನ್ನೂ ಕುತೂಹಲದ್ದು. ರೂಢಿಯ ಭಾಷಣ ಇಂಥದ್ದನ್ನು ಅಳಿಸಿ ‘ಅಜಾತಶತ್ರು’ ಎಂದು ಬರೆಯುತ್ತದೆ; ಕೇಳುವವರು ತಮಗೆ ಬೈಸಿಕೊಂಡ ದಿನ ನೆನಸಿಕೊಂಡು ತಲೆ ತಗ್ಗಿಸಿ ನಗುತ್ತಾರೆ. ಇಲ್ಲಿ ಬಂದದ್ದು: “ಇವರ ದನಿ ಎತ್ತರದ್ದು. ಸಾಹೇಬರ ಕೋಣೆಯಲ್ಲೂ ಸಿಪಾಯಿಗಳ ಮುಂದೆಯೂ ಅದು ಒಂದೇ ಎತ್ತರದಲ್ಲಿರುತ್ತಿತ್ತು.” ಸತ್ಯವನ್ನು ಮುಚ್ಚದೆ, ಅದರಲ್ಲಿದ್ದ ಗೌರವದ ಮಗ್ಗಲನ್ನು ಹುಡುಕಿ ಹೇಳುವುದು ಹೀಗೆ. ಮೊದಲು ನಕ್ಕವರು ಮನೆಯವರೇ ಎಂದು ಕೇಳಿದ್ದೇನೆ.

ಇದೇ ತೂಕದಲ್ಲಿ ‘ಕಪ್ಪುಚುಕ್ಕೆಯಿಲ್ಲದ ಸೇವೆ’ಯನ್ನೂ ಇಟ್ಟು ನೋಡಬೇಕು. ನಿವೃತ್ತಿ ವೇತನದ ಕಾಗದಪತ್ರಗಳ ಜೊತೆ ಬೇಬಾಕಿ ಪ್ರಮಾಣಪತ್ರ ಹೋಗುತ್ತದೆ, ಇಲಾಖಾ ವಿಚಾರಣೆ ಬಾಕಿ ಇಲ್ಲವೆಂಬ ಬರಹವೂ ಹೋಗುತ್ತದೆ. ಅಲ್ಲಿ ಅದು ಬೇಕು. ವೇದಿಕೆಯ ಮೇಲೆ ಅದನ್ನೇ ಮತ್ತೆ ಹೇಳಿದರೆ, ಅಲ್ಲಿಯವರೆಗೆ ಚುಕ್ಕೆಯ ವಿಚಾರವೇ ಇಲ್ಲದೆ ಕೂತವನೂ ಚುಕ್ಕೆ ಹುಡುಕತೊಡಗುತ್ತಾನೆ. ಈ ಭಾಷಣ ಆ ತಂಟೆಗೆ ಹೋಗಿಲ್ಲ.

ಇನ್ನು ನನ್ನ ವಿಮರ್ಶಕ ಮಿತ್ರರ ತಕರಾರು. ಒಬ್ಬರ ಪ್ರಕಾರ ಸಂದರ್ಭದ ಮಾತಿಗೆ ವಿಮರ್ಶೆಯೇ ಸಲ್ಲದು, ಅದು ಹಾರ ಬಾಡುವುದರೊಳಗೆ ಮುಗಿಯುವಂಥದ್ದು. ಹಾಗಾದರೆ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಎಲ್ಲಿಡುತ್ತೀರಿ? ವ್ಯಕ್ತಿಯನ್ನು ಅವನ ನಡೆಯಿಂದ, ಅವನಾಡಿದ ಮಾತಿನಿಂದ ತೋರಿಸುವ ವಿದ್ಯೆ ಕನ್ನಡದಲ್ಲಿ ಅಷ್ಟು ಗಟ್ಟಿಯಾಗಿರುವಾಗ, ಬೀಳ್ಕೊಡುಗೆಗೆ ಮಾತ್ರ ಅದರ ರಿಯಾಯಿತಿ ಯಾಕೆ? ಜೀವಮಾನದಲ್ಲಿ ಒಬ್ಬ ಕಾರಕೂನನ ಬಗ್ಗೆ ಬರೆಯಲಾಗುವ ಗದ್ಯ ಇದೊಂದೇ ಇರಬಹುದು. ಸೇವಾ ಪುಸ್ತಕದಲ್ಲಿ ವೇತನ ಬಡ್ತಿ, ರಜೆ, ವರ್ಗಾವಣೆ ಸಿಗುತ್ತವೆ. ಚೀಟಿ ಸಿಗುವುದಿಲ್ಲ.

ಇನ್ನೊಬ್ಬರ ವಾದ ಹೆಚ್ಚು ಮೋಹಕ, ಹಾಗಾಗಿ ಹೆಚ್ಚು ತಪ್ಪು. ಸವಕಳಿ ಮಾತು ತಪ್ಪಿಸಬೇಕೆಂದರೆ ಔಪಚಾರಿಕ ಕನ್ನಡವನ್ನೇ ಬಿಟ್ಟು ಗೋಕಾಕದ ಆಡುಮಾತಿನಲ್ಲಿ ಮಾತಾಡಿಬಿಡಿ, ಜೀವ ತಾನಾಗಿ ಬರುತ್ತದೆ ಎನ್ನುತ್ತಾರೆ ಅವರು. ಬರುವುದಿಲ್ಲ. ಆಡುಮಾತಿನಲ್ಲೂ ‘ದೇವರಂಥಾ ಮನಷ್ಯಾ ರೀ’ ಎಂಬುದು ‘ಸಾಕಾರಮೂರ್ತಿ’ಯಷ್ಟೇ ಸವೆದಿದೆ. ಸವಕಳಿ ಇರುವುದು ಭಾಷೆಯ ಮಟ್ಟದಲ್ಲಲ್ಲ, ಮಾತಾಡುವವನು ಏನನ್ನೂ ನೋಡಿಲ್ಲ ಎಂಬುದರಲ್ಲಿ. ಮೇಲಾಗಿ ಆ ದಿನ ಕಾರಕೂನರಿಗೆ ಸಲ್ಲಬೇಕಾದದ್ದು ಔಪಚಾರಿಕತೆಯೇ. ದಿನಾ ಅವರನ್ನು ‘ಅಣ್ಣಾವ್ರ, ಆ ಫೈಲ್ ಎಲ್ಲೈತ್ರೀ’ ಎಂದು ಕೇಳಿದವರು ಒಂದು ದಿನ ಎದ್ದು ನಿಂತು, ಬರೆದು ತಂದ ಕಾಗದ ಬಿಚ್ಚಿ, ವಾಕ್ಯ ಪೂರ್ತಿ ಮಾಡಿ ಮಾತಾಡಿದರೆ ಆ ಶ್ರಮವೇ ಗೌರವ. ‘ಸದರಿ’, ‘ಮೇಲ್ಕಾಣಿಸಿದ’ ಎಂದು ಜೀವನಪೂರ್ತಿ ಬರೆದ ಮನುಷ್ಯನಿಗೆ ತಿದ್ದಿದ ವಾಕ್ಯದ ಬೆಲೆ ಗೊತ್ತು. ಈ ಭಾಷಣದ ಕನ್ನಡ ಕಚೇರಿಯದೇ, ಅದರ ಬಿಗುಪು ಮಾತ್ರ ಸಡಿಲಾಗಿದೆ.

ಪ್ರವಾಹದ ಪ್ಯಾರಾ ಎಲ್ಲಕ್ಕಿಂತ ದುರ್ಬಲ. 2019ರ ಆಗಸ್ಟಿನಲ್ಲಿ ಘಟಪ್ರಭಾ ಗೋಕಾಕದೊಳಗೆ ನುಗ್ಗಿದ್ದು ಊರಿಗೆಲ್ಲ ಗೊತ್ತು. ಸ್ವಂತ ಮನೆಗೆ ನೀರು ಬಂದರೂ ಇವರು ಪರಿಹಾರದ ಪಟ್ಟಿ ಬರೆಯುತ್ತ ಕೂತರು ಎಂದು ಹೇಳುವಾಗ ಬರಹಗಾರನ ಕೈ ತಪ್ಪಿದೆ, ‘ತಮ್ಮ ಕಷ್ಟವನ್ನು ಲೆಕ್ಕಿಸದೆ’ ನುಸುಳಿದೆ. ಆ ಪ್ಯಾರಾವನ್ನು ಉಳಿಸುವುದು ಅದರ ಕೊನೆಯಲ್ಲಿ ಪತ್ನಿಯ ಕಡೆ ತಿರುಗಿ ಆಡಿದ ಮಾತು: “ಅಕ್ಕಾವ್ರೇ, ಆ ವಾರ ಮನೆಯನ್ನು ನೀವೊಬ್ಬರೇ ಖಾಲಿ ಮಾಡಿದಿರಿ. ಇವರನ್ನು ಮನೆಗೆ ಕಳಿಸಬೇಕಿತ್ತು ಎಂದು ಅಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.” ‘ಯಶಸ್ಸಿನ ಹಿಂದಿನ ಶಕ್ತಿ’ಯೆಂಬ ಮಾಮೂಲು ಸಾಲಿನ ಜಾಗದಲ್ಲಿ ಕಚೇರಿ ತನ್ನ ಲೋಪ ಒಪ್ಪಿಕೊಂಡಿದೆ. ಸಪ್ಪಗಿದ್ದದ್ದು ಎಲ್ಲಿ?

ಪ್ರತ್ಯುತ್ತರ ಕೊಡಲು ಎದ್ದ ಕಾರಕೂನರು ಧನ್ಯವಾದಕ್ಕಿಂತ ಮೊದಲು ತಿದ್ದುಪಡಿ ಹೇಳಿದರಂತೆ: ಚೀಟಿ ಬರೆದದ್ದು ತಾವೇ, ಆದರೆ ಏಣಿ ಹತ್ತಿ ಗಂಟು ಇಳಿಸಿ, ಜಾಗ ನೋಡಿ ಚೀಟಿ ಇಟ್ಟದ್ದು ಸಿಪಾಯಿ. ಆ ಸಿಪಾಯಿ ಅದೇ ಹೊತ್ತಿಗೆ ಹಿಂದಿನ ಸಾಲಿನವರಿಗೆ ಶಿರಾ, ಉಪ್ಪಿಟ್ಟು ಹಂಚುತ್ತಿದ್ದ. ಲಕೋಟೆಯ ಟಿಪ್ಪಣಿಯಲ್ಲಿ ಅವನ ಹೆಸರಿಲ್ಲ. ‘ಖರೇನ? ಕೇಳಬೇಕು’ ಎಂದು ಒಂದು ಸಾಲಿನ ಮುಂದೆ ಬರೆದುಕೊಂಡವನು ಚೀಟಿಯ ಸಾಲಿನ ಮುಂದೆಯೂ ಹಾಗೆಯೇ ಬರೆದುಕೊಂಡಿದ್ದರೆ ಸಿಗುತ್ತಿತ್ತು.