ಪಾಕವೀಡಿಯೊದ ಲಯ: ರಸಿಕರಿಗೊಂದು ಕೈಪಿಡಿ

ಅಡುಗೆಯ ವೀಡಿಯೊವೊಂದನ್ನು ನೋಡಿ ಮುಗಿಸಿದವರು "ಬಾಯಲ್ಲಿ ನೀರೂರಿತು" ಎಂದಷ್ಟೇ ನುಡಿದು ಬೆರಳಿನಿಂದ ಮುಂದಿನದಕ್ಕೆ ಸರಿಯುವುದನ್ನು ಕಂಡಾಗಲೆಲ್ಲ ನನಗೆ ಖೇದವಾಗುತ್ತದೆ. ಅವರು ಕಂಡದ್ದು ತಿನಿಸನ್ನೇ ಹೊರತು ಅದನ್ನು ಕಾಣಿಸಿದ ಸಂಕಲನವನ್ನಲ್ಲ. ಹಿನ್ನೆಲೆ ಸಂಗೀತದ ಒಂದೊಂದು ಪೆಟ್ಟಿಗೂ ಒಂದೊಂದು ಕಟ್ ಬೀಳುತ್ತಿದ್ದರೆ ಅದನ್ನೇ ಲಯವೆಂದು ಭ್ರಮಿಸುವ ಅಭಿರುಚಿ ಈಗ ಎಲ್ಲೆಡೆಯೂ ಹಬ್ಬಿದೆ. ಪದಾರ್ಥಕ್ಕೆ ತನ್ನದೇ ಆದ ಕಾಲವೊಂದುಂಟೆಂಬುದೂ, ಕಟ್ ಅದಕ್ಕೆ ವಿಧೇಯವಾಗಿರಬೇಕೆಂಬುದೂ ಈ ಜನರಿಗೆ ಹೊಳೆಯುವುದೇ ಇಲ್ಲ.

ಈ ಅವಸರಕ್ಕೊಂದು ಚರಿತ್ರೆಯಿದೆ. ಅಮೆರಿಕದ ಬಝ್‌ಫೀಡ್ ಸಂಸ್ಥೆ 2015ರಲ್ಲಿ ಆರಂಭಿಸಿದ ಟೇಸ್ಟಿಯ ವೀಡಿಯೊಗಳು ಫೇಸ್‌ಬುಕ್ಕಿನಲ್ಲಿ ತಾವಾಗಿಯೇ, ಅದೂ ನಿಃಶಬ್ದವಾಗಿ, ಓಡತೊಡಗುತ್ತಿದ್ದುವು. ಆದ್ದರಿಂದ ಮಾತಿನ ಸ್ಥಾನವನ್ನು ಪರದೆಯ ಬರಹವೂ, ಅಡುಗೆಯವರ ಮುಖದ ಸ್ಥಾನವನ್ನು ನೆತ್ತಿಯ ಮೇಲಿನಿಂದ ಕಾಣುವ ಎರಡು ಕೈಗಳೂ ಆಕ್ರಮಿಸಿದುವು. ನಮ್ಮವರಲ್ಲಿ ಹೆಬ್ಬಾರ್ಸ್ ಕಿಚನ್ ಆ ಮಾರ್ಗವನ್ನು ಜನಪ್ರಿಯಗೊಳಿಸಿತು. ಕಾಸರಗೋಡು ಸೀಮೆಯ ಭಟ್ ಎನ್ ಭಟ್ ಮಾತಿನ ಮಾರ್ಗವನ್ನು ಹಿಡಿಯಿತು. ಮಾತು ಉಳ್ಳವರಿಗೆ ಮಾತೇ ಲಯವನ್ನು ಒದಗಿಸುವುದರಿಂದ ಅವರ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ಕಣ್ಣು ತೆರೆದದ್ದು ರಾಮನಾಥಪುರದ ನಮ್ಮ ಅಡುಗೆಮನೆಯಲ್ಲಿಯೇ. ತಂಗಿಯ ಮಗಳು ಒಲೆಯ ಮೇಲ್ಗಡೆ ಮೊಬೈಲನ್ನು ಕಟ್ಟಿ ರಾಗಿಮುದ್ದೆ ಮಾಡುವುದನ್ನು ಚಿತ್ರಿಸಿದಳು. ಎಸರಿನ ಹಬೆ ಗಾಜಿಗೆ ಕವಿದು ಚಿತ್ರವೆಲ್ಲ ಮಂಜಾದುದರಿಂದ ಮೊಬೈಲನ್ನು ಗೇಣಿನಷ್ಟು ಪಕ್ಕಕ್ಕೆ ಸರಿಸಿ, ತುಸು ಓರೆಯಾಗಿ ಬಿಗಿದು, ಮತ್ತೊಮ್ಮೆ ಎಸರಿಟ್ಟಳು. ಆ ಚಿತ್ರಿಕೆಗಳನ್ನೇ ಆಕೆ ಎರಡು ವಿಧವಾಗಿ ಜೋಡಿಸಿ ತೋರಿಸಿದಳು.

ಎರಡು ಲೋಟ ನೀರು, ಉಪ್ಪು, ನೀರಿಗೆ ಕದಡಿದ ಒಂದು ಚಮಚ ಹಿಟ್ಟು. ಎಸರು ಮರಳಿದ ಮೇಲೆ ನಡುವೆ ಗುಡ್ಡೆಯಾಗಿ ಸುರಿದ ಒಂದು ಲೋಟ ರಾಗಿಹಿಟ್ಟು. ಮೊದಲನೆಯ ಜೋಡಣೆಯಲ್ಲಿ ಹಿಟ್ಟು ಬಿದ್ದದ್ದೇ ತಡ, ತಾಳ ಬಿದ್ದಿತೆಂದು ಕಟ್. ಮರುಕ್ಷಣವೇ ಹಿಟ್ಟಿನ ಕೋಲು ತೊಳಸುತ್ತಿದೆ. ಅದನ್ನು ನಂಬಿ ಮಾಡಹೊರಟವನು ಹಿಟ್ಟು ಸುರಿದ ಕೂಡಲೆ ತೊಳಸಿ, ಗಂಟುಗಟ್ಟಿದ, ಒಳಗೆ ಹಸಿಹಿಟ್ಟು ಉಳಿದ ಮುದ್ದೆಯನ್ನು ಪಡೆಯುವುದು ನಿಶ್ಚಯ. ಎರಡನೆಯ ಜೋಡಣೆಯಲ್ಲಿ ಆಕೆ ಹಿಟ್ಟಿನ ಧೂಳು ಅಡಗುವವರೆಗೂ ಕಾದಳು. ಅನಂತರ ಅದೇ ಚೌಕಟ್ಟಿನಲ್ಲಿ ಮೂರು ನೋಟಗಳು, ಒಂದೊಂದೂ ಎರಡು ಮೂರು ಸೆಕೆಂಡು: ಗುಡ್ಡೆ ಇನ್ನೂ ಒಣದಾಗಿ ತಿಳಿಬಣ್ಣದಲ್ಲಿದೆ, ಅಂಚಿನಿಂದ ನೀರೇರಿ ಬಣ್ಣ ಕಪ್ಪಾಗುತ್ತಿದೆ, ಕೋಲಿನಿಂದ ಮಾಡಿದ ತೂತಿನಲ್ಲಿ ಗುಳ್ಳೆ ಉಕ್ಕಿ ಒಡೆಯುತ್ತಿದೆ. ಐದು ನಿಮಿಷದ ಬೇಯುವಿಕೆ ಎಂಟು ಸೆಕೆಂಡಿನಲ್ಲಿ ಅಡಕವಾದರೂ ನೋಡುವವನಿಗೆ ಕಾಲ ಸರಿದದ್ದು ತಿಳಿಯಿತು.

ಟಾಪ್ ಶಾಟಿನ ಗುಟ್ಟು ಇಲ್ಲಿದೆ. ಕ್ಯಾಮೆರಾ ಕದಲದಿದ್ದಾಗ, ಪಾತ್ರೆಯ ಅಂಚು ಪರದೆಯಲ್ಲಿ ಒಂದೇ ಎಡೆಯಲ್ಲಿ ನಿಂತಿದ್ದಾಗ, ಎರಡು ನೋಟಗಳ ನಡುವೆ ಬದಲಾದದ್ದು ಪದಾರ್ಥವೊಂದೇ ಆಗಿ, ಆ ಬದಲಾವಣೆಯೇ ಗಡಿಯಾರದ ಕೆಲಸ ಮಾಡುತ್ತದೆ. ನಡುವೆ ಕ್ಯಾಮೆರಾ ಬೆರಳಿನಷ್ಟು ಅಲುಗಿತೋ, ಕಣ್ಣು ಹಿಟ್ಟನ್ನು ಬಿಟ್ಟು ಆ ನೆಗೆತವನ್ನು ಗಮನಿಸುತ್ತದೆ. ಆದುದರಿಂದ ಕಟ್ ಬೀಳಬೇಕಾದದ್ದು ಸ್ಥಿತಿ ಬದಲಾದಾಗ: ಒಗ್ಗರಣೆಯಲ್ಲಿ ಸಾಸಿವೆಯ ಸಿಡಿತ ನಿಂತ ಮೇಲೆ, ಈರುಳ್ಳಿಯ ಅಂಚು ಕೆಂಪಡರಿದ ಮೇಲೆ. ಕೈಯ ಚಲನೆಗೆ ಬೇರೆ ನಿಯಮ: ಕೋಲು ತಿರುಗುತ್ತಿರುವಾಗಲೇ ಕತ್ತರಿಸಿ ಮುಂದಿನ ನೋಟದಲ್ಲಿ ಅದೇ ತಿರುವನ್ನು ಮುಂದುವರಿಸಿದರೆ ಕಟ್ ಕಾಣುವುದೇ ಇಲ್ಲ.

ಆದರೆ ಮೇಲಿನಿಂದ ನೋಡುವ ಕಣ್ಣಿಗೆ ಎತ್ತರವೂ ಗಟ್ಟಿತನವೂ ಗೋಚರಿಸವು. ತೊಳಸಿದ ಹಿಟ್ಟು ಕೋಲಿನಿಂದ ಹೇಗೆ ಬಿಡುತ್ತದೆ, ಒದ್ದೆಗೈಯಲ್ಲಿ ಉರುಳಿಸಿದ ಮುದ್ದೆ ತಟ್ಟೆಯಲ್ಲಿ ಕುಸಿಯದೆ ನಿಲ್ಲುತ್ತದೆಯೆ ಎಂಬುದಕ್ಕೆ ಪಕ್ಕದ ನೋಟವೇ ಬೇಕು. ಇಡೀ ವೀಡಿಯೊವನ್ನು ನೆತ್ತಿಯಿಂದಲೇ ತೆಗೆದು ಮುಗಿಸಿದವನು ಮುದ್ದೆಯನ್ನು ವೃತ್ತವಾಗಿಸಿದನೇ ವಿನಾ ಉಂಡೆಯಾಗಿಸಲಿಲ್ಲ.

ಬರಹದ ವಿಷಯದಲ್ಲಿ ಹೇಳುವುದು ಕೊಂಚ. ಅಳತೆ ಕೈಗಿಂತ ಕ್ಷಣಮಾತ್ರ ಮೊದಲು ತೋರಿ, ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಬೇಕು. ಕಾಣುತ್ತಿರುವುದನ್ನೇ ಹೇಳುವ "ಹಿಟ್ಟು ಹಾಕಿ" ಎಂಬುದು ವ್ಯರ್ಥ. ಕಾಣಲಾಗದುದನ್ನು ಹೇಳುವ "ಸಣ್ಣ ಉರಿ, 5 ನಿಮಿಷ, ತೊಳಸಬೇಡಿ" ಎಂಬುದು ಸಾರ್ಥಕ. ನಮ್ಮ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ದಪ್ಪ ಅಂಚುಕಟ್ಟಿದ ಕಿರಿಯ ಅಕ್ಷರಗಳಲ್ಲಿ ಅವು ಮಸಿಯ ಮುದ್ದೆಯಾಗುತ್ತವೆ. ಸಾಲುಗಳ ನಡುವೆ ಧಾರಾಳವಾಗಿ ತೆರವಿರಲಿ. ನಿಲುವು ವೀಡಿಯೊದಲ್ಲಿ ಪರದೆಯ ತಳಭಾಗವನ್ನು ಹೆಸರೂ ಗುಂಡಿಗಳೂ ಮುಚ್ಚುವುದರಿಂದ ಬರಹ ಮೇಲ್ಭಾಗಕ್ಕೆ ಸೇರತಕ್ಕದ್ದು.

ರಸಿಕನಾಗಬಯಸುವವನು ಶಬ್ದವನ್ನಡಗಿಸಿ ವೀಡಿಯೊವನ್ನೊಮ್ಮೆ ನೋಡಲಿ. ಹಿಟ್ಟನ್ನು ಯಾವಾಗ ತೊಳಸಬೇಕೆಂಬುದನ್ನು ಗುಳ್ಳೆಯ ಗುರುತಿನಿಂದಲೇ ಹೇಳಬಲ್ಲನಾದರೆ ಸಂಕಲನಕಾರ ಗೆದ್ದನು. ನೆನಪಿನಲ್ಲುಳಿದದ್ದು ಕೊನೆಯ ತಟ್ಟೆಯೊಂದೇ ಆದರೆ, ಆ ವೀಡಿಯೊ ಎಷ್ಟು ಲಕ್ಷ ಮಂದಿಯ ಮೆಚ್ಚುಗೆ ಪಡೆದಿದ್ದರೂ ಅದು ಜಾಹೀರಾತೇ ಸರಿ.